ಶೀಟಿನ ಪ್ರಕಾರ ಆಲ್ಫಾ 0.8 ಬೆಸ್ಟು, ಆದರೂ ಹಿಟ್ಟು ಉಳಿಯುತ್ತಿದೆ. ಎಲ್ಲಿ ತಪ್ಪಿದೆ?

ವೀಣಾ, ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ನಾವು ಕುಂದಾಪುರದ ಕಡೆಯವರು, ಡೊಂಬಿವಲಿ ಪೂರ್ವದಲ್ಲಿದ್ದೇವೆ. ಮನೆಯಲ್ಲೇ ದೋಸೆ ಹಿಟ್ಟು ರುಬ್ಬಿ ಪ್ಯಾಕೆಟ್ ಮಾಡಿ ಸುತ್ತಮುತ್ತಲಿನ ಅಂಗಡಿಗಳಿಗೆ ಹಾಕುತ್ತೇವೆ. ವಾರಕ್ಕೆ ಹೆಚ್ಚುಕಮ್ಮಿ 200 ಕೆಜಿ. ಭಾನುವಾರ ರಾತ್ರಿ ಕೂತು ಮುಂದಿನ ವಾರಕ್ಕೆ ಒಟ್ಟು ಎಷ್ಟು ಅಂತ ನಿರ್ಧಾರ ಮಾಡುತ್ತೇನೆ. ಆಮೇಲೆ ಅದನ್ನ ದಿನಗಳಿಗೆ ಹಂಚುತ್ತೇನೆ, ಶನಿವಾರ ಭಾನುವಾರಕ್ಕೆ ಜಾಸ್ತಿ ಪಾಲು. ಇಷ್ಟು ದಿನ ಕಣ್ಣಂದಾಜಿನಲ್ಲೇ ನಡೆದಿತ್ತು.

ಈಗ ತಮ್ಮನ ಮಗ ಕಾಲೇಜಿನಲ್ಲಿ ಕಲಿತು ಬಂದು ಒಂದು ಎಕ್ಸೆಲ್ ಶೀಟ್ ಮಾಡಿಕೊಟ್ಟಿದ್ದಾನೆ. ಎಕ್ಸ್‌ಪೊನೆನ್ಶಿಯಲ್ ಸ್ಮೂದಿಂಗ್ ಅಂತೆ. ಹಳೇ ಅಂದಾಜು ಎಷ್ಟು ತಪ್ಪಿತೋ ಅದರಲ್ಲಿ ಒಂದು ಪಾಲನ್ನು ಹಳೇ ಅಂದಾಜಿಗೇ ಸೇರಿಸಿದರೆ ಹೊಸ ಅಂದಾಜು. ಆ ಪಾಲಿಗೆ ಆಲ್ಫಾ ಅಂತ ಹೆಸರು. ಕಳೆದ ಹತ್ತು ವಾರದ ಮಾರಾಟ ಇದು:

```
ವಾರ  1    2    3    4    5    6    7    8    9    10
ಕೆಜಿ  200  210  196  206  150  204  198  212  202  208
```

ಐದನೇ ವಾರ ಜೋರು ಮಳೆ. ಲೋಕಲ್ ನಿಂತಿತ್ತು, ಎರಡು ದಿನ ಅಂಗಡಿಗಳೇ ತೆಗೆದಿರಲಿಲ್ಲ.

ಆಲ್ಫಾ ಎಷ್ಟು ಇಡಬೇಕು ಅಂದರೆ, ಹಿಂದಿನ ವಾರಗಳಲ್ಲಿ ಯಾವುದು ಕಡಿಮೆ ತಪ್ಪಿದೆಯೋ ಅದನ್ನ ಇಡಿ ಅತ್ತೆ ಅಂದ. ಸರಾಸರಿ ತಪ್ಪು ಹೀಗೆ ಬಂತು: 0.2ಕ್ಕೆ 10.6 ಕೆಜಿ, 0.5ಕ್ಕೆ 7.6, 0.8ಕ್ಕೆ ಬರೀ 3.5. ಹಾಗಾಗಿ 0.8 ಇಟ್ಟೆವು. ಹನ್ನೊಂದನೇ ವಾರಕ್ಕೆ ಶೀಟು 207 ಅಂತು. ಹೋಗಿದ್ದು 196. 11 ಕೆಜಿ ಉಳಿದು ಹುಳಿ ಬಂತು. ಮೂರೂವರೆ ಕೆಜಿ ತಪ್ಪು ಅಂದ ಶೀಟು ಮೊದಲ ವಾರವೇ 11 ಕೆಜಿ ಹೇಗೆ ತಪ್ಪಿತು? ಇನ್ನೊಂದು ವಿಚಿತ್ರ ಏನೆಂದರೆ, 0.9 ಹಾಕಿದರೆ ತಪ್ಪು ಇನ್ನೂ ಕಡಿಮೆ ಆಗುತ್ತೆ. 1 ಹಾಕಿದರೆ ಸೊನ್ನೆ.

ಮಂಜು, ವಾಶಿ

ಅಕ್ಕಾ, ಒಂದು ವಾರ ನೋಡಿ ಶೀಟು ತಪ್ಪು ಅನ್ನೋಕಾಗಲ್ಲ. ನಾನು ಆಫೀಸಿನಲ್ಲಿ ಇದೇ ಕೆಲಸ ಮಾಡೋದು. ಮೂರೇ ಆಲ್ಫಾ ನೋಡಿದ್ದೀರಿ, ಅದು ಸಾಲದು. 0.01ರಿಂದ 0.99ರವರೆಗೆ ಎಲ್ಲಾ ಓಡಿಸಿ ಕನಿಷ್ಠ ತಪ್ಪು ಬರೋದನ್ನ ತಗೋಬೇಕು. ತಪ್ಪನ್ನ ಸುಮ್ನೆ ಸರಾಸರಿ ಮಾಡಬೇಡಿ, ವರ್ಗ ಮಾಡಿ ಸರಾಸರಿ ತಗೊಳ್ಳಿ, ಅದೇ ಸರಿಯಾದ ಪದ್ಧತಿ. ಶೀಟ್ ಬರೆಯೋ ತಾಪತ್ರಯವೂ ಬೇಡ. ಎಕ್ಸೆಲ್‌ನಲ್ಲಿ Data Analysis ಒಳಗೆ Exponential Smoothing ಇದೆ. ಆಲ್ಫಾ ಹಾಕಿ ಓಕೆ ಒತ್ತಿದರೆ ಆಯ್ತು.

ರಾಯರು, ಮಾಟುಂಗಾ

ಎಂತ ಆಲ್ಫಾ ಮಾರಾಯ್ರೆ. ನಲವತ್ತು ವರ್ಷ ಹೋಟೆಲಿನ ಗಲ್ಲಾದಲ್ಲಿ ಕೂತವ ನಾನು. ಸಂಜೆ ಆಕಾಶ ನೋಡಿ ಮರುದಿನದ ಹಿಟ್ಟು ಹೇಳುತ್ತಿದ್ದೆ. ಉಳಿದರೆ ಮರುದಿನ ಉತ್ತಪ್ಪ. 26 ಜುಲೈ 2005ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಂತಲ್ಲ, ಆ ದಿನಕ್ಕೆ ಯಾವ ಶೀಟು ಅಂದಾಜು ಹೇಳುತ್ತಿತ್ತು?

ಷೇರು ಶೆಟ್ರು

ಇದು ನಮ್ಮ ಇಎಂಎ ಅಲ್ವಾ! ಚಾರ್ಟಿನಲ್ಲಿ ದಿನಾ ನೋಡುವುದು. ಇದಕ್ಕೆ ತಪ್ಪು ಗಿಪ್ಪು ಲೆಕ್ಕ ಹಾಕುವುದೇನೂ ಬೇಡ. ಆಲ್ಫಾ ಅಂದರೆ 2/(N+1). 20 ದಿನದ್ದು ಬೇಕಾದರೆ 2/21, ಸುಮಾರು 0.095. 9 ದಿನದ್ದಾದರೆ 0.2. ಹಿಟ್ಟಿಗೆ 9 ಹಾಕಿ ನೋಡಿ.

ಕುಲಕರ್ಣಿ, ಕೋಥ್ರೂಡ್

ವೀಣಾ ಅವರೇ, ನಾನು ಪಿಂಪ್ರಿಯ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಬಿಡಿಭಾಗಗಳ ಲೆಕ್ಕ ನೋಡಿ ನಿವೃತ್ತನಾದವನು. ಬೇರಿಂಗ್ ಎಷ್ಟು, ಗ್ಯಾಸ್ಕೆಟ್ ಎಷ್ಟು ಅಂತ ಇದೇ ಸೂತ್ರ ಇಟ್ಟುಕೊಂಡು ವರ್ಷಗಟ್ಟಲೆ ದಿನ ಕಳೆದವನು. 1950ರ ದಶಕದಲ್ಲಿ ರಾಬರ್ಟ್ ಬ್ರೌನ್ ಇದನ್ನು ಸರಕಿನ ಬೇಡಿಕೆಗೆ ಹಚ್ಚಿದ್ದೂ ಇಂಥ ಕೆಲಸಕ್ಕೇ.

ನಿಮ್ಮ ಕೊನೆಯ ಸಾಲಿನಲ್ಲೇ ಉತ್ತರ ಇದೆ ನೋಡ್ರಿ. 1 ಹಾಕಿದರೆ ತಪ್ಪು ಸೊನ್ನೆ ಅಂದಿರಿ. ಆಲ್ಫಾ 1 ಅಂದರೆ "ಈ ವಾರ ಎಷ್ಟು ಹೋಯಿತೋ ಮುಂದಿನ ವಾರವೂ ಅಷ್ಟೇ" ಅನ್ನುವ ಅಂದಾಜು. ನಿಮ್ಮ ಮಾರಾಟ 200, 210, 196 ಅಂತ ಕುಣಿಯುತ್ತಿದೆ. ಆ ಅಂದಾಜಿಗೆ ತಪ್ಪು ಸೊನ್ನೆ ಬರಲು ಸಾಧ್ಯವೇ ಇಲ್ಲ. ಅಂದರೆ ಶೀಟು ಉತ್ತರ ನೋಡಿಕೊಂಡು ಪರೀಕ್ಷೆ ಬರೆದಿದೆ. ಮೂರನೇ ಸಾಲಿನಲ್ಲಿರುವ ಸೂತ್ರ ಏನು ಅಂತ ಇಲ್ಲಿ ಹಾಕ್ತೀರಾ?

ವೀಣಾ, ಡೊಂಬಿವಲಿ

ಮೊದಲ ಸಾಲು ತಲೆಬರಹ. B ಕಾಲಂನಲ್ಲಿ ಮಾರಾಟ, C ಕಾಲಂನಲ್ಲಿ ಅಂದಾಜು, F1ರಲ್ಲಿ ಆಲ್ಫಾ. C2ರಲ್ಲಿ 200 ಅಂತ ಕೈಯಿಂದ ಹಾಕಿದ್ದಾನೆ. ಆಮೇಲೆ:

```
C3:  =$F$1*B3+(1-$F$1)*C2
D3:  =ABS(B3-C3)
```

ಕುಲಕರ್ಣಿ, ಕೋಥ್ರೂಡ್

ಸಿಕ್ಕಿತು. C3ರ ಒಳಗೆ B3 ಇದೆ. ಅಂದರೆ ಎರಡನೇ ವಾರದ ಮಾರಾಟವನ್ನು ಒಳಗೆ ಬೆರೆಸಿ, ಅದನ್ನು ಎರಡನೇ ವಾರದ ಮಾರಾಟದ ಜೊತೆಗೇ ಹೋಲಿಸಿದ್ದಾನೆ ಹುಡುಗ. ಆಲ್ಫಾ ಜಾಸ್ತಿ ಮಾಡಿದಷ್ಟೂ ಬೆರೆಕೆ ಜಾಸ್ತಿ, ತಪ್ಪು ಕಡಿಮೆ. ಅದಕ್ಕೇ 0.8 ಗೆದ್ದದ್ದು, 0.9 ಇನ್ನೂ ಚೆನ್ನಾಗಿ ಕಂಡದ್ದು. ಹಿಟ್ಟಿನ ಬದಲು ಸಿಮೆಂಟ್ ಮಾರಾಟ ಹಾಕಿದ್ದರೂ ಈ ಶೀಟು 1ನ್ನೇ ಆರಿಸುತ್ತಿತ್ತು.

ಒಂದು ಮಾತು ಹೇಳಬೇಕು. ಆ ಸೂತ್ರ ತಪ್ಪಲ್ಲ. C3ರಲ್ಲಿ ಬರುವುದು ಎರಡನೇ ವಾರ ಮುಗಿದ ಮೇಲಿನ ಲೆಕ್ಕ. ಅದು ಮೂರನೇ ವಾರದ ಅಂದಾಜು. ಕೂರಬೇಕಾದ ಸಾಲಿಗಿಂತ ಒಂದು ಸಾಲು ಮೇಲೆ ಕೂತಿದೆ, ಅಷ್ಟೇ. ಅಂದಾಜು ಸರಿ, ಅಂಕ ಕೊಟ್ಟದ್ದು ತಪ್ಪು. ಹೀಗೆ ಮಾಡಿ:

```
C3:  =B2
C4:  =$F$1*B3+(1-$F$1)*C3
D3:  =ABS(B3-C3)
E1:  =AVERAGE(D3:D11)
```

C4ನ್ನು ಕೆಳಗೆ ಎಳೆಯಿರಿ. ಯಾವ ಸಾಲಿನ ಅಂದಾಜಿನಲ್ಲೂ ಆ ಸಾಲಿನ ಮಾರಾಟ ಇರಕೂಡದು. ಭಾನುವಾರ ರಾತ್ರಿ ನಿಮ್ಮ ಕೈಯಲ್ಲಿ ಏನಿತ್ತೋ ಅಷ್ಟರಿಂದಲೇ ಅಂದಾಜು ಬರಬೇಕು.

ನಿಮ್ಮ ಅಂಕಿಗಳನ್ನ ಹಾಳೆಯ ಮೇಲೆ ಹಾಕಿ ನೋಡಿದೆ. 0.2ಕ್ಕೆ ಸರಾಸರಿ ತಪ್ಪು 13.3 ಕೆಜಿ, 0.5ಕ್ಕೆ 15.2, 0.8ಕ್ಕೆ 17.3. ಸಾಲು ಪೂರ್ತಿ ತಿರುಗಾಮುರುಗಾ ಆಯಿತು. ನೀವು ಗೆದ್ದಿದೆ ಅಂದುಕೊಂಡದ್ದು ಕೊನೆಗೆ ನಿಂತಿದೆ.

ಶೆಟ್ರೇ, ಸೂತ್ರ ಅದೇ ಹೌದು. ಆದರೆ ಚಾರ್ಟಿನಲ್ಲಿ 20 ದಿನ, 9 ದಿನ ಅನ್ನೋದು ಎಲ್ಲರೂ ರೂಢಿಯಿಂದ ಇಟ್ಟುಕೊಂಡದ್ದು. ಅಲ್ಲಿ ಯಾರೂ ನಾಳೆಗೆ ಎಷ್ಟು ಕೆಜಿ ಅಂತ ಅಕ್ಕಿ ನೆನೆ ಹಾಕುವುದಿಲ್ಲ. ಇಲ್ಲಿ ಅವರ ಅಂಗಡಿಯ ಲೆಕ್ಕವೇ ಆಲ್ಫಾ ಎಷ್ಟು ಅಂತ ಹೇಳಬೇಕು.

ಮಂಜು, ವಾಶಿ

ಸರ್, ನಾನು ಹೇಳಿದ Data Analysis ಟೂಲ್ ಹಾಕಿ ನೋಡಿದೆ. 0.2 ಕೊಟ್ಟೆ, 0.8 ಕೊಟ್ಟೆ. ಅದರಲ್ಲಿ ಈಗಲೂ 0.8ಕ್ಕೇ ಕಡಿಮೆ ತಪ್ಪು ಬರುತ್ತಿದೆ, 13.3. ನಿಮ್ಮದಕ್ಕೆ ಉಲ್ಟಾ. ಆ ಟೂಲ್ ಸಾಲೂ ತಪ್ಪಿಸಲ್ಲ, ಮೊದಲ ಸಾಲಿಗೆ #N/A ಹಾಕಿ ಎರಡನೇದರಿಂದ ಶುರು ಮಾಡುತ್ತೆ.

ಕುಲಕರ್ಣಿ, ಕೋಥ್ರೂಡ್

ಆ ಡಬ್ಬಿಯ ಮೇಲೆ ಏನು ಬರೆದಿದೆ ಓದು ತಮ್ಮಾ. Damping factor ಅಂತಿದೆ. ಅದು ಆಲ್ಫಾ ಅಲ್ಲ, 1ರಿಂದ ಆಲ್ಫಾ ಕಳೆದದ್ದು. ನೀನು 0.8 ಕೊಟ್ಟಾಗ ಅದು ಆಲ್ಫಾ 0.2 ಅಂತ ತಗೊಂಡಿತು. ಅದಕ್ಕೇ ನಿನಗೂ 13.3, ನನಗೂ 13.3.

ಮಂಜು, ವಾಶಿ

ಅಯ್ಯೋ. ಆಫೀಸಿನಲ್ಲಿ ಎರಡು ವರ್ಷದಿಂದ ಹಾಗೇ ಕೊಡ್ತಾ ಇದ್ದೀನಿ. ನಾಳೆ ಒಂದಷ್ಟು ಫೈಲ್ ತೆಗೆದು ನೋಡಬೇಕು.

ರಾಯರು, ಮಾಟುಂಗಾ

ಇದಕ್ಕೇ ನಾನು ಆಕಾಶ ನೋಡುವುದು. ಅದು ಉಲ್ಟಾ ತೋರಿಸುವುದಿಲ್ಲ.

ಆದರೆ ಒಂದು ಕೇಳುತ್ತೇನೆ ಕುಲಕರ್ಣಿಯವರೇ. 13 ಕೆಜಿ ತಪ್ಪು ಅಂದರೆ ಕಡಿಮೆಯಾ? 200ಕ್ಕೆ 13. ನನ್ನ ಅಡುಗೆ ಭಟ್ಟ ಅಷ್ಟು ತಪ್ಪಿದ್ದರೆ ಊರಿಗೆ ಕಳಿಸುತ್ತಿದ್ದೆ.

ಕುಲಕರ್ಣಿ, ಕೋಥ್ರೂಡ್

ಸರಿಯಾದ ಪ್ರಶ್ನೆ ರಾಯರೇ. ಆ 13ರಲ್ಲಿ ಬಹುಪಾಲು ಮಳೆಯದ್ದು.

ಐದನೇ ವಾರವನ್ನ ಸ್ವಲ್ಪ ಹತ್ತಿರದಿಂದ ನೋಡೋಣ. ಆ ವಾರಕ್ಕೆ ಆಲ್ಫಾ 0.2 ಅಂದಾಜು 202 ಹೇಳಿತ್ತು, 0.8 ಅಂದಾಜು 204 ಹೇಳಿತ್ತು. ಬಂದದ್ದು 150. ಎರಡೂ 50ರ ಮೇಲೆ ತಪ್ಪಿದವು. ಇದರಲ್ಲಿ ಯಾರದೂ ಹೆಚ್ಚುಗಾರಿಕೆ ಇಲ್ಲ. ಮಳೆ ಬರುತ್ತೆ ಅಂತ ಯಾವ ಆಲ್ಫಾಕ್ಕೂ ಗೊತ್ತಿರಲಿಲ್ಲ.

ವ್ಯತ್ಯಾಸ ಬಂದದ್ದು ಆರನೇ ವಾರ. 0.8 ಹೆದರಿಕೊಂಡು ಅಂದಾಜನ್ನು 161ಕ್ಕೆ ಇಳಿಸಿತು. ಬಂದದ್ದು 204. ಅಂದರೆ 43 ಕೆಜಿ ಕೊರತೆ. 0.2 ಅಷ್ಟೊಂದು ತಲೆ ಕೆಡಿಸಿಕೊಳ್ಳದೆ 191 ಅಂತು, ಬರೀ 12-13 ಕೆಜಿ ತಪ್ಪಿತು. ಆ ಒಂದು ವಾರದಲ್ಲೇ 0.8 ಸುಮಾರು 30 ಕೆಜಿ ಹಿಂದೆ ಬಿತ್ತು.

ಹಾಗಾದರೆ 0.2 ಗೆದ್ದದ್ದು ಮಳೆಯಿಂದಲೋ, ನಿಜವಾಗಿಯೋ? ನೋಡುವುದು ಹೀಗೆ. ಐದನೇ ವಾರವನ್ನು ಇರಲೇ ಇಲ್ಲ ಅಂದುಕೊಂಡು, ಐದನೆಯದಕ್ಕಿದ್ದ ಅಂದಾಜನ್ನೇ ಆರಕ್ಕೂ ಇಟ್ಟೆ. ಆ ವಾರದ ತಪ್ಪನ್ನೂ ಬಿಟ್ಟೆ. ಉಳಿದ ಎಂಟು ವಾರಗಳ ಸರಾಸರಿ: 0.2ಕ್ಕೆ 5.6 ಕೆಜಿ, 0.5ಕ್ಕೆ 6.3, 0.8ಕ್ಕೆ 7.6. ಗೆದ್ದದ್ದು ಅದೇ 0.2. ಆದರೆ ಅಂತರ ಮೊದಲು 4 ಕೆಜಿ ಇದ್ದದ್ದು ಈಗ 2 ಆಯಿತು. ಗೆಲುವಿನಲ್ಲಿ ಅರ್ಧ ಮಳೆಯದ್ದು.

ಮಂಜು ವರ್ಗ ಮಾಡು ಅಂದನಲ್ಲ. ಮಳೆ ವಾರ ಇಟ್ಟುಕೊಂಡೇ ಹಾಗೆ ಮಾಡಿದರೆ 0.2ರ ಒಟ್ಟು ಸುಮಾರು 3400 ಬರುತ್ತೆ. ಅದರಲ್ಲಿ 2700ರಷ್ಟು ಆ ಒಂದೇ ವಾರದ್ದು. ಒಂಬತ್ತು ವಾರಗಳ ಅನುಭವ ಕೇಳುತ್ತಿದ್ದೇವೆ ಅಂದುಕೊಂಡು ಒಂದೇ ವಾರದ ಮಾತು ಕೇಳಿದಂತೆ ಆಗುತ್ತೆ. ವರ್ಗ ಮಾಡುವುದು ತಪ್ಪಲ್ಲ. ದೊಡ್ಡ ತಪ್ಪು ನಿಮಗೆ ನಿಜವಾಗಿಯೂ ಜಾಸ್ತಿ ದುಬಾರಿ ಆದಾಗ ಅದು ಸರಿ. ಆದರೆ ಇಷ್ಟು ಕಡಿಮೆ ವಾರಗಳಿದ್ದಾಗ, ನಡುವೆ ಇಂಥದೊಂದು ವಾರ ಕೂತಾಗ, ನಾನು ಮಾಡುವುದಿಲ್ಲ.

ರಾಯರು, ಮಾಟುಂಗಾ

ಮಳೆ ವಾರ ತೆಗೆದುಹಾಕುವುದು ಮೋಸ ಅಲ್ಲವೋ? ಮುಂಬೈಯಲ್ಲಿ ಅಂಥ ವಾರ ಪ್ರತಿ ಮಳೆಗಾಲಕ್ಕೂ ಒಂದಾದರೂ ಬರುತ್ತದೆ. ಹಿಟ್ಟು ಚೆಲ್ಲಿದ್ದು ನಿಜ, ದುಡ್ಡು ಹೋದದ್ದು ನಿಜ. ಲೆಕ್ಕದಲ್ಲಿ ಮಾತ್ರ ಇಲ್ಲ ಅಂದರೆ ಹೇಗೆ? ಮುಂದಿನ ಸಲವೂ ಬರುತ್ತದೆ, ಆಗಲೂ ಮರುವಾರ 161 ಅನ್ನದ ಆಲ್ಫಾವೇ ಬೇಕು. ಹಾಗಾಗಿ ಮಳೆ ವಾರವನ್ನು ಇಟ್ಟುಕೊಂಡೇ ಆರಿಸಬೇಕು ಅಂತ ನಾನು ಹೇಳುತ್ತೇನೆ.

ಕುಲಕರ್ಣಿ, ಕೋಥ್ರೂಡ್

ನಿಮ್ಮ ಮಾತಿನಲ್ಲಿ ಹುರುಳಿದೆ. ಶೀಟನ್ನು ಹಾಗೇ ಬಿಟ್ಟು ಯಾರೂ ಮುಟ್ಟದೇ ಓಡಿಸುವುದಾದರೆ ನೀವು ಹೇಳಿದ್ದೇ ಸರಿ. ಆದರೆ ವೀಣಾ ಅವರು ಭಾನುವಾರ ಕೂತು ನೋಡುವವರು. ಲೋಕಲ್ ನಿಂತಿತ್ತು ಅಂತ ಅವರಿಗೆ ಗೊತ್ತು. ಗೊತ್ತಿದ್ದೂ 150ನ್ನು ಸೂತ್ರದೊಳಗೆ ಸುರಿದು, ಆಮೇಲೆ ಅದರ ಗಾಯ ಮಾಯಿಸಲು ಆಲ್ಫಾ ಇಳಿಸುವುದು ಯಾಕೆ? ಆ ವಾರ ಅಂದಾಜನ್ನು ಮುಟ್ಟದೇ ಬಿಟ್ಟರೆ ಮುಗಿಯಿತು.

ಮಳೆ ವಾರ ಬಿಡದಿದ್ದರೆ ಇನ್ನೊಂದು ತೊಂದರೆ ಇದೆ. 0.2 ಇಟ್ಟು ಆರರಿಂದ ಹತ್ತನೇ ವಾರದವರೆಗಿನ ತಪ್ಪುಗಳನ್ನು ಗುರುತಿನ ಸಮೇತ ಬರೆಯಿರಿ, ABS ಹಾಕಬೇಡಿ: +12.5, +4, +17, +4, +9. ಐದಕ್ಕೆ ಐದೂ ಪ್ಲಸ್. ಅಂದರೆ ಐದು ವಾರ ಸತತ ಕಡಿಮೆ ಹೇಳಿದೆ, ಮಳೆಯಿಂದ ಇನ್ನೂ ಮೇಲೆ ಏಳುತ್ತಲೇ ಇದೆ. ಮಳೆ ವಾರ ಬಿಟ್ಟು ಅದೇ ಲೆಕ್ಕ ಹಾಕಿ: +2, -4, +11, -2, +5. ಪ್ಲಸ್ ಮೈನಸ್ ಬೆರೆತಿವೆ. ಆರೋಗ್ಯವಾದ ಅಂದಾಜು ಹೀಗೆ ಇರುತ್ತೆ. ಸರಾಸರಿ ತಪ್ಪಿನಲ್ಲಿ ಕಾಣದ್ದು ಗುರುತಿನಲ್ಲಿ ಕಾಣುತ್ತೆ.

ರಾಯರು, ಮಾಟುಂಗಾ

ಒಪ್ಪಿದೆ ಅಂತ ಹೇಳುವುದಿಲ್ಲ. ಯಾವ ವಾರ "ವಿಶೇಷ", ಯಾವುದು ಅಲ್ಲ ಅಂತ ಹೇಳುವವರು ಯಾರು? ಇವತ್ತು ಮಳೆ, ನಾಳೆ ರಿಕ್ಷಾ ಮುಷ್ಕರ, ನಾಡಿದ್ದು ಸೊಸೆಗೆ ಜ್ವರ. ಹೀಗೆ ಬೇಡದ್ದೆಲ್ಲ ಬಿಡುತ್ತಾ ಹೋದರೆ ಎಲ್ಲಾ ಆಲ್ಫಾಗಳೂ ಚಂದ ಕಾಣುತ್ತವೆ.

ಸವಿತಾ, ಮಡಗಾಂವ್

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮದು ಲಾಂಡ್ರಿ. ಕೋಲ್ವಾ ಕಡೆಯ ಸಣ್ಣ ಹೋಟೆಲುಗಳ ಬೆಡ್‌ಶೀಟು, ಟವೆಲು ಒಗೆದು ಕೊಡುತ್ತೇವೆ. ನಾನೂ ವಾರದ ಕೆಜಿ ಲೆಕ್ಕಕ್ಕೆ ಇದೇ ಸೂತ್ರ ಹಾಕಿದ್ದೇನೆ. ಕುಲಕರ್ಣಿ ಸರ್ ಹೇಳಿದಂತೆ ಸಾಲು ಪರೀಕ್ಷಿಸಿದೆ, ನನ್ನ ಶೀಟಿನಲ್ಲಿ ಸಾಲು ಸರಿಯಾಗಿದೆ. ಆದರೂ ನನಗೆ 0.95ಕ್ಕೇ ಅತಿ ಕಡಿಮೆ ತಪ್ಪು ಬರುತ್ತಿದೆ. ನನಗೂ ಎಲ್ಲೋ ಮೋಸ ಇದೆಯಾ?

ಕುಲಕರ್ಣಿ, ಕೋಥ್ರೂಡ್

ಗುರುತು ನೋಡಿದಿರಾ? ಅಕ್ಟೋಬರಿನಿಂದ ಡಿಸೆಂಬರ್ ಕೊನೆಯವರೆಗೆ?

ಸವಿತಾ, ಮಡಗಾಂವ್

ಈಗ ನೋಡಿದೆ. ಎಲ್ಲಾ ಪ್ಲಸ್. ಒಂದೂ ಮೈನಸ್ ಇಲ್ಲ. ಮಳೆಗಾಲಕ್ಕೆ ಬಂದರೆ ಎಲ್ಲಾ ಮೈನಸ್.

ಕುಲಕರ್ಣಿ, ಕೋಥ್ರೂಡ್

ನಿಮ್ಮ ಶೀಟಿನಲ್ಲಿ ಮೋಸ ಇಲ್ಲ, ನಿಮ್ಮ ಊರಿಗೆ ಸೀಸನ್ ಇದೆ. ಈ ಸೂತ್ರಕ್ಕೆ ಏರುವುದು ಇಳಿಯುವುದು ಅಂದರೇನು ಅಂತ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಒಂದು ಮಟ್ಟ, ಮುಂದಿನ ವಾರವೂ ಅದೇ ಮಟ್ಟ. ಕೆಲಸ ವಾರ ವಾರ ಏರುತ್ತಾ ಹೋದರೆ ಅದು ಬೆನ್ನ ಹಿಂದೆ ಓಡುತ್ತೆ. ಆಲ್ಫಾ 1ರ ಹತ್ತಿರ ಹೋದಷ್ಟೂ ಹಿಂದೆ ಬೀಳುವುದು ಕಡಿಮೆ, ಅದಕ್ಕೇ 0.95 ಗೆಲ್ಲುತ್ತಿದೆ. ಆದರೂ ಹಿಂದೆಯೇ ಇರುತ್ತೆ. ನಿಮಗೆ ಬೇಕಾದದ್ದು ಬೇರೆ ಆಲ್ಫಾ ಅಲ್ಲ, ಬೇರೆ ವಿಧಾನ. ಏರಿಳಿತವನ್ನೂ ಸೀಸನನ್ನೂ ಹಿಡಿಯುವ ಹೋಲ್ಟ್-ವಿಂಟರ್ಸ್ ಇದೆ. ಅದು ಭಾರ ಅನ್ನಿಸಿದರೆ ಹೋದ ವರ್ಷ ಇದೇ ವಾರ ಎಷ್ಟು ಬಂದಿತ್ತು ಅಂತ ನೋಡುವುದು ಕೂಡ ಇದಕ್ಕಿಂತ ವಾಸಿ.

ಮಂಜು, ವಾಶಿ

ಸರ್, ವೀಣಕ್ಕನ ವಿಷಯಕ್ಕೆ ಬರ್ತೀನಿ. ಮಳೆ ವಾರ ಬಿಟ್ಟು, ಸಾಲು ಸರಿ ಮಾಡಿ, ಈ ಸಲ ಎಲ್ಲಾ ಆಲ್ಫಾ ಓಡಿಸಿದೆ. 0.1ಕ್ಕೆ 5.5 ಬರುತ್ತೆ. 0.2ರ 5.6ಕ್ಕಿಂತ ಕಡಿಮೆ. ಹಾಗಾದ್ರೆ 0.1 ಅಲ್ವಾ?

ಕುಲಕರ್ಣಿ, ಕೋಥ್ರೂಡ್

ನೂರು ಗ್ರಾಂ ಹಿಟ್ಟು, ಒಂದೂವರೆ ದೋಸೆ. ಎಂಟು ವಾರದ ಲೆಕ್ಕದಲ್ಲಿ ನೂರು ಗ್ರಾಂ ಅಂತರ ನೋಡಿ ಯಾವುದೂ ಗೆದ್ದಿಲ್ಲ ಅಂತ ತಿಳಿ. 0.1ರಿಂದ 0.3ರ ಸುತ್ತಮುತ್ತ ಈ ತಪ್ಪಿನ ಗೆರೆ ಹೆಚ್ಚುಕಮ್ಮಿ ಮಟ್ಟಸವಾಗಿರುತ್ತೆ, ಎಷ್ಟೋ ಸರಕುಗಳಲ್ಲಿ ಹಾಗೇ ನೋಡಿದ್ದೇನೆ. ಗೆರೆಯ ತೀರಾ ತಳ ಹುಡುಕುತ್ತಾ ಮೂರನೇ ದಶಾಂಶಕ್ಕೆ ಇಳಿಯುವುದು ಸುಮ್ನೆ ಕಾಲಹರಣ.

ಇನ್ನೊಂದು ಕಾರಣಕ್ಕೆ 0.1 ನನಗೆ ಅಷ್ಟು ನಂಬಿಕೆಯದ್ದಲ್ಲ. ಶುರುವಿನ ಅಂದಾಜು ಮೊದಲ ವಾರದ 200 ಅಂತ ಹಾಕಿದ್ದೇವೆ. ಮಳೆ ವಾರ ಬಿಡದೇ ಲೆಕ್ಕ ಹಾಕಿದರೆ ಹತ್ತನೇ ವಾರದ ಮಾರಾಟ ಬಂದಾಗ ಒಂಬತ್ತು ಸಲ ತಿದ್ದಿದ ಹಾಗಾಯಿತು. 0.9ನ್ನು ಒಂಬತ್ತು ಸಲ ಗುಣಿಸು, 0.39 ಬರುತ್ತೆ. ಅಂದರೆ 0.1ರ ಅಂದಾಜಿನಲ್ಲಿ ಇನ್ನೂ 39 ಪರ್ಸೆಂಟ್ ಆ ಮೊದಲ ವಾರವೇ ಕೂತಿದೆ. 0.2ಕ್ಕೆ ಅದು 13 ಪರ್ಸೆಂಟ್. ಮೊದಲ ವಾರ ಅದೃಷ್ಟಕ್ಕೆ 200 ಇತ್ತು. 225 ಇದ್ದಿದ್ದರೆ 0.1 ಈ ಹತ್ತು ವಾರದಲ್ಲಿ ತಲೆ ಎತ್ತುತ್ತಿರಲಿಲ್ಲ. ವಾರಗಳು ಜಾಸ್ತಿ ಇದ್ದಾಗ ಮೊದಲ ಐದಾರು ವಾರ ಪಳಗಲು ಬಿಟ್ಟು ಆಮೇಲಿನ ತಪ್ಪನ್ನಷ್ಟೇ ಎಣಿಸಬೇಕು. ಇಲ್ಲಿ ಅಷ್ಟು ಆಸ್ತಿ ಇಲ್ಲ.

ವೀಣಾ, ಡೊಂಬಿವಲಿ

ಎಲ್ಲಾ ಓದಿದೆ. ಶೀಟು ಸರಿ ಮಾಡಿದೆವು, ಹುಡುಗನ ಮುಖ ಚಿಕ್ಕದಾಯಿತು. ಆದರೆ ನಡುವೆ ಹನ್ನೆರಡನೇ ವಾರವೂ ಹಳೇ 0.8ರಲ್ಲೇ ಕಳೆದಿತ್ತು, ಅದನ್ನ ಹೇಳಿರಲಿಲ್ಲ. ಹನ್ನೊಂದರಲ್ಲಿ 196 ಹೋಯಿತಲ್ಲ, ಅದು ನೋಡಿ ಶೀಟು ಹನ್ನೆರಡಕ್ಕೆ 198 ಅಂತು. 198 ರುಬ್ಬಿದೆ. ಪೂರ್ತಿ 198 ಹೋಯಿತು. ತಪ್ಪು ಸೊನ್ನೆ! ಹಾಗಾದರೆ 0.8 ಅಷ್ಟೇನೂ ಕೆಟ್ಟದಲ್ಲ ಅಂತ ಅನ್ನಿಸುತ್ತಿದೆ.

ಕುಲಕರ್ಣಿ, ಕೋಥ್ರೂಡ್

ಪೂರ್ತಿ ಹೋಯಿತು ಅಂದರೆ, ಯಾವಾಗ ಮುಗಿಯಿತು?

ವೀಣಾ, ಡೊಂಬಿವಲಿ

ಭಾನುವಾರಕ್ಕೆ ಇಟ್ಟದ್ದು ಬೆಳಗ್ಗೆಯೇ ಮುಗಿಯಿತು. ಆಮೇಲೆ ಮೂರು ಅಂಗಡಿಯಿಂದ ಫೋನ್ ಬಂತು, ಇಲ್ಲ ಅಂದೆ. ನಮ್ಮ ಅತ್ತೆ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಾರೆ, ಒಟ್ಟು 11 ಕೆಜಿ ಕೇಳಿದ್ದರು.

ಕುಲಕರ್ಣಿ, ಕೋಥ್ರೂಡ್

ನಿಮ್ಮ ಅತ್ತೆಗೆ ನನ್ನ ನಮಸ್ಕಾರ ತಿಳಿಸಿ. ಈ ಚರ್ಚೆಯಲ್ಲಿ ಎಲ್ಲರಿಗಿಂತ ಬೆಲೆಬಾಳುವ ಅಂಕಿ ಬರೆದವರು ಅವರು.

198 ರುಬ್ಬಿದರೆ 198ಕ್ಕಿಂತ ಜಾಸ್ತಿ ಮಾರಲು ಹೇಗೆ ಸಾಧ್ಯ? ನೀವು ಮಾರಿದ್ದು 198, ಜನ ಕೇಳಿದ್ದು 209. ಶೀಟಿಗೆ 198 ಹಾಕಿದರೆ ಅಂದಾಜು ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತೆ. ಮುಂದಿನ ವಾರ ಮತ್ತೆ 198 ಹೇಳುತ್ತೆ, ನೀವು ಅಷ್ಟೇ ರುಬ್ಬುತ್ತೀರಿ, ಅಷ್ಟೇ ಹೋಗುತ್ತೆ, ಮತ್ತೆ ತಪ್ಪು ಸೊನ್ನೆ. ನಮ್ಮ ಸ್ಟೋರ್ಸ್‌ನಲ್ಲಿ ಒಂದು ಗ್ಯಾಸ್ಕೆಟ್ ಹೀಗೇ ಆಗಿತ್ತು. ಎರಡು ವರ್ಷ ತಿಂಗಳಿಗೆ 40 ಅಂತ ಕಾಗದದಲ್ಲಿ ತುಂಬಾ ಚೆನ್ನಾಗಿತ್ತು. ತಿಂಗಳ ಕೊನೆಯ ವಾರ ಮೆಕ್ಯಾನಿಕ್‌ಗಳು ಹೊರಗಿನಿಂದ ಕೊಂಡು ತರುತ್ತಿದ್ದರು ಅಂತ ಯಾರೂ ನಮಗೆ ಹೇಳಲಿಲ್ಲ.

ಹಿಟ್ಟು ಉಳಿದ ವಾರದಲ್ಲಿ ಮಾರಿದ್ದನ್ನು ಬರೆಯಿರಿ. ಹಿಟ್ಟು ಮುಗಿದುಹೋದ ವಾರದಲ್ಲಿ ಮಾರಿದ್ದರ ಜೊತೆ ಇಲ್ಲ ಅಂದದ್ದನ್ನೂ ಸೇರಿಸಿ ಬರೆಯಿರಿ. ಹಿಂದಿನ ಹತ್ತು ವಾರದಲ್ಲೂ ಹೀಗೆ ಮುಗಿದದ್ದಿದ್ದರೆ ನಾನು ಇಲ್ಲಿವರೆಗೆ ಹಾಕಿದ ಲೆಕ್ಕವೂ ಅಷ್ಟರಮಟ್ಟಿಗೆ ಅಲುಗಾಡುತ್ತೆ.

ವೀಣಾ, ಡೊಂಬಿವಲಿ

ಹಿಂದಿನ ಹತ್ತು ವಾರದಲ್ಲಿ ಕಣ್ಣಂದಾಜು ಯಾವಾಗಲೂ ಜಾಸ್ತಿಯೇ ಇತ್ತು. ಉಳಿಯುತ್ತಿತ್ತೇ ಹೊರತು ಮುಗಿದದ್ದು ನೆನಪಿಲ್ಲ. ಆ ಉಳಿಕೆ ನೋಡಿ ಬೇಜಾರಾಗಿಯೇ ಶೀಟಿಗೆ ಹೋದದ್ದು.

ಕುಲಕರ್ಣಿ, ಕೋಥ್ರೂಡ್

ಹಾಗಿದ್ದರೆ ಆ ಹತ್ತು ವಾರ ನಂಬಬಹುದು. ಈಗ ಹನ್ನೊಂದು, ಹನ್ನೆರಡು ಎರಡೂ ಒಳ್ಳೆ ಪರೀಕ್ಷೆ, ಯಾಕೆಂದರೆ ಆಲ್ಫಾ ಆರಿಸುವಾಗ ಈ ಎರಡು ವಾರ ಲೆಕ್ಕದಲ್ಲೇ ಇರಲಿಲ್ಲ. 0.8 ಹೇಳಿದ್ದು 207 ಮತ್ತು 198, ಬೇಡಿಕೆ 196 ಮತ್ತು 209. ಒಮ್ಮೆ 11 ಜಾಸ್ತಿ, ಒಮ್ಮೆ 11 ಕಡಿಮೆ. ಹೀಗೆ ಒಂದು ವಾರ ಅತ್ತ, ಒಂದು ವಾರ ಇತ್ತ ತೂಗಿದರೆ ಆಲ್ಫಾ ಅತಿಯಾಯಿತು ಅನ್ನುವ ಅನುಮಾನ ಬರಬೇಕು. ಹೋದ ವಾರದ ಕುಣಿತದ ಹಿಂದೆ ಓಡುತ್ತಿದೆ ಅದು.

ಮಳೆ ವಾರ ಬಿಟ್ಟ 0.2 ಇದೇ ಎರಡು ವಾರಕ್ಕೆ 204 ಮತ್ತು 202.5 ಹೇಳುತ್ತಿತ್ತು. 8 ಜಾಸ್ತಿ, 6.5 ಕಡಿಮೆ. ಅದೂ ತಪ್ಪಿದೆ. ಎರಡು ವಾರದಲ್ಲಿ ಏನೂ ಸಾಬೀತಾಗುವುದಿಲ್ಲ, ಆದರೆ ಹಿಂದಿನ ಎಂಟು ವಾರ ಹೇಳಿದ್ದಕ್ಕೆ ವಿರುದ್ಧವಾಗಿಯೂ ಇಲ್ಲ. 0.2 ಇಟ್ಟು ಬಿಡಿ. ಗುರುತಿನ ಕಾಲಂ ಒಂದು ಜಾಸ್ತಿ ಮಾಡಿ. ಸತತ ಐದಾರು ವಾರ ಒಂದೇ ಗುರುತು ಬಂದರೆ ಆಗ ಮತ್ತೆ ಕೂತು ನೋಡಿ. ಹೊಸ ಅಂಗಡಿ ಸೇರಿದರೆ, ಹತ್ತಿರ ಹೊಸ ಟವರ್‌ಗೆ ಜನ ಬಂದರೆ, ಮಟ್ಟವೇ ಮೇಲೆ ಹೋಗುತ್ತೆ. ಆಗ 0.2 ಅದನ್ನು ಹಿಡಿಯಲು ಏಳೆಂಟು ವಾರ ತಗೊಳ್ಳುತ್ತೆ. ಅಂಥ ದಿನ ಅಂದಾಜನ್ನು ಕೈಯಿಂದಲೇ ಮೇಲೆತ್ತಿ, ಆಲ್ಫಾಕ್ಕೆ ಕೈ ಹಾಕಬೇಡಿ.

ಷೇರು ಶೆಟ್ರು

ನಾನು ಹೇಳಿದ್ದು 9 ದಿನ, ಅಂದರೆ 0.2. ಕೊನೆಗೆ ಅಲ್ಲಿಗೇ ಬಂದಿರಲ್ಲ.

ಕುಲಕರ್ಣಿ, ಕೋಥ್ರೂಡ್

ನಿಂತ ಗಡಿಯಾರವೂ ದಿನಕ್ಕೆ ಎರಡು ಸಲ ಸರಿಯಾದ ಸಮಯ ತೋರಿಸುತ್ತೆ ಶೆಟ್ರೇ.

ಮಂಜು, ವಾಶಿ

ಒಂದು ಅನುಮಾನ ಉಳಿದಿದೆ. 5 ಕೆಜಿ ಜಾಸ್ತಿ ಆಗೋದೂ 5 ಕೆಜಿ ಕಡಿಮೆ ಆಗೋದೂ ಒಂದೇ ಅಂತ ನಾವೆಲ್ಲ ಎಣಿಸ್ತಾ ಇದ್ದೀವಿ. ವೀಣಕ್ಕನಿಗೆ ಒಂದೇನಾ? ಉಳಿದರೆ ಅಕ್ಕಿ ಉದ್ದಿನ ದುಡ್ಡು ಹೋಗುತ್ತೆ. ಕಡಿಮೆಯಾದ್ರೆ ಲಾಭ ಹೋಗುತ್ತೆ, ಅಂಗಡಿಯವನು ಬೇರೆಯವರ ಪ್ಯಾಕೆಟ್ ಇಡ್ತಾನೆ. ಹಾಗಿದ್ರೆ ತಪ್ಪನ್ನೇ ಬೇರೆ ಬೇರೆ ತೂಕ ಕೊಟ್ಟು ಎಣಿಸಿ ಆಲ್ಫಾ ಆರಿಸಬೇಕಲ್ವಾ?

ಕುಲಕರ್ಣಿ, ಕೋಥ್ರೂಡ್

ಹಾಗೆ ಮಾಡುವವರೂ ಇದ್ದಾರೆ. ನಾನು ಅಂದಾಜನ್ನು ಅಂದಾಜಾಗಿ ಬಿಟ್ಟು, ಮೇಲೆ ಎಷ್ಟು ಸೇರಿಸಬೇಕು ಅನ್ನುವುದನ್ನು ಬೇರೆ ಇಡುತ್ತಿದ್ದೆ. ಎರಡನ್ನೂ ಒಂದೇ ಆಲ್ಫಾದೊಳಗೆ ತುರುಕಿದರೆ, ಮುಂದೆ ಏನಾದರೂ ಕೆಟ್ಟಾಗ ಯಾವುದು ಕೆಟ್ಟಿತು ಅಂತ ಗೊತ್ತಾಗುವುದಿಲ್ಲ. ಇದು ನನ್ನ ರೂಢಿ, ವೇದವಾಕ್ಯ ಅಲ್ಲ.

ರಾಯರು, ಮಾಟುಂಗಾ

ಉಳಿದ ಹಿಟ್ಟು ಚೆಲ್ಲುವುದು ಯಾಕೆ ಹೇಳಿ? ಹುಳಿ ಬಂದದ್ದನ್ನು ಹತ್ತಿರದ ಯಾವುದಾದರೂ ಹೋಟೆಲಿನವರಿಗೆ ಅರ್ಧ ಬೆಲೆಗೆ ಕೇಳಿ ನೋಡಿ. ಉತ್ತಪ್ಪಕ್ಕೆ ಅದೇ ಚಂದ. ಆಗ ಉಳಿಕೆ ಅಷ್ಟು ನೋಯುವುದಿಲ್ಲ, ನಾಲ್ಕು ಕೆಜಿ ಜಾಸ್ತಿಯೇ ರುಬ್ಬಬಹುದು. ಮಳೆ ವಾರದ ವಿಷಯದಲ್ಲಿ ಮಾತ್ರ ನಾನು ಹೇಳಿದ್ದಕ್ಕೆ ನಾನು ನಿಂತಿದ್ದೇನೆ.

ವೀಣಾ, ಡೊಂಬಿವಲಿ

ರಾಯರೇ, ಇದು ಹೊಳೆದೇ ಇರಲಿಲ್ಲ. ಸ್ಟೇಷನ್ ಹತ್ತಿರ ನಮ್ಮ ಊರಿನವರದೇ ಒಂದು ಹೋಟೆಲಿದೆ, ನಾಳೆ ಕೇಳುತ್ತೇನೆ.

ಹದಿಮೂರನೇ ವಾರಕ್ಕೆ 0.2 ಹಾಕಿ, 12ಕ್ಕೆ 209 ಅಂತ ತಿದ್ದಿದೆ. 203.8 ಬಂತು. 208 ರುಬ್ಬೋಣ ಅಂತಿದ್ದೇನೆ. ಅತ್ತೆ 210 ಅನ್ನುತ್ತಿದ್ದಾರೆ, ಈ ವಾರ ಸಂಕಷ್ಟಿ ಇದೆ, ಉಪವಾಸ ಬಿಟ್ಟ ಮೇಲೆ ಎಲ್ಲರಿಗೂ ದೋಸೆ ಬೇಕು ಅಂತ. ಅದು ಶೀಟಿನಲ್ಲಿ ಎಲ್ಲಿ ಬರುತ್ತೆ ಸರ್?

ಕುಲಕರ್ಣಿ, ಕೋಥ್ರೂಡ್

ಶೀಟಿನಲ್ಲಿ ಬರುವುದಿಲ್ಲ. ಹಿಂದಿನ ಸಂಕಷ್ಟಿ ವಾರಗಳ ಗುರುತು ಪ್ಲಸ್ ಇದೆಯಾ ನೋಡಿ. ಇದ್ದರೆ 210.